ಟ್ರಂಕಿನಲ್ಲಿರುವ ಹೊಲದ ಕಾಗದ ಸ್ಕ್ಯಾನ್ ಮಾಡಿಕೊಡುವುದು ಹೇಗೆ?

"ಸ್ಕ್ಯಾನರ್ ಇದೆ, ಲ್ಯಾಪ್‌ಟಾಪ್ ಇದೆ. ಮನೆಮನೆಗೆ ಹೋಗಿ ಹಳೇ ಫೋಟೊ, ಹೊಲದ ಕಾಗದ ಸ್ಕ್ಯಾನ್ ಮಾಡಿಕೊಡಬೇಕು ಅಂತಿದ್ದೇನೆ. ಹೇಗೆ ಮಾಡಲಿ, ಎಷ್ಟು ತಗೊಳ್ಳಲಿ?" ಜಮಖಂಡಿಯಿಂದ, ಇಂಡಿಯಿಂದ, ಗೋಕಾಕದಿಂದ ಈ ಪ್ರಶ್ನೆ ಬರುತ್ತಲೇ ಇದೆ. ಹೆಚ್ಚಿನವರು ಝೆರಾಕ್ಸ್ ಅಂಗಡಿ ಇಟ್ಟವರು, ಇಲ್ಲವೇ ಡಿಟಿಪಿ ಕಲಿತ ಹುಡುಗ ಹುಡುಗಿಯರು. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಫೋಟೊ ಸ್ಕ್ಯಾನ್ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತಿರುತ್ತದೆ. ಎಡವುವುದು ಹೊಲದ ಕಾಗದದಲ್ಲಿ. ಅದಕ್ಕೇ ಅದನ್ನೇ ಜಾಸ್ತಿ ಹೇಳುತ್ತೇನೆ. ಉದಾಹರಣೆಗೆ ನಾನೇ ಮಾಡಿದ ಒಂದು ಕೆಲಸ ತೆಗೆದುಕೊಳ್ಳುತ್ತೇನೆ. ಬೀಳಗಿ ತಾಲ್ಲೂಕಿನ ಒಂದು ಮನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಹೋಗಿ, ಪುನರ್ವಸತಿ ಕೇಂದ್ರಕ್ಕೆ ಬಂದವರು. ಟ್ರಂಕಿನಲ್ಲಿ 31 ಹಾಳೆ, 48 ಫೋಟೊ ಇದ್ದವು. ಹಾಳೆಗಳಲ್ಲಿ 18 ಉದ್ದನೆಯ ಸ್ಟ್ಯಾಂಪ್ ಪೇಪರ್. ಉಳಿದ 13ರಲ್ಲಿ ಉತಾರ, ವಾಟ್ನಿ ಪತ್ರದ ನಕಲು, ಕಂದಾಯದ ರಸೀದಿ, ಪರಿಹಾರದ ನೋಟಿಸು.

1. ಹೋಗುವ ಮೊದಲು: ಯಾವ ಸ್ಕ್ಯಾನರ್?

ಮೇಲೆ ಮುಚ್ಚಳ, ಕೆಳಗೆ ಗಾಜು ಇರುವ ಫ್ಲಾಟ್‌ಬೆಡ್ ಸ್ಕ್ಯಾನರೇ ಬೇಕು. ಹಾಳೆಯನ್ನು ಒಳಗೆ ಎಳೆದುಕೊಳ್ಳುವ ಫೀಡರ್‌ಗೆ ಹಳೇ ಕಾಗದ ಕೊಡಲೇಬೇಡಿ. ಮಡಿಕೆ ಇರುವ ಕಡೆ ರೋಲರ್ ಎಳೆದರೆ ಹಾಳೆ ಎರಡಾಗುತ್ತದೆ.

ಫ್ಲಾಟ್‌ಬೆಡ್‌ನಲ್ಲಿ ಎರಡು ಜಾತಿ. ತೆಳ್ಳಗಿದ್ದು, ಯುಎಸ್‌ಬಿ ವೈರಿನಿಂದಲೇ ಕರೆಂಟ್ ತೆಗೆದುಕೊಳ್ಳುವವು ಹೆಚ್ಚಾಗಿ ಸಿಐಎಸ್. ದಪ್ಪಗಿದ್ದು, ಬೇರೆ ಅಡಾಪ್ಟರ್ ಬೇಡುವವು ಸಿಸಿಡಿ. ಸಿಐಎಸ್‌ಗೆ ಗಾಜಿಗೆ ಅಂಟಿಕೊಂಡಿದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮಡಿಕೆ ಸ್ವಲ್ಪ ಮೇಲೆದ್ದರೂ ಅಲ್ಲಿನ ಅಕ್ಷರ ಮಬ್ಬಾಗುತ್ತದೆ. ಸಿಸಿಡಿ ಅಷ್ಟು ಎತ್ತರವನ್ನು ತಡೆದುಕೊಳ್ಳುತ್ತದೆ. ಹಳೇ ಪತ್ರಗಳಿಗೆ ಸಿಸಿಡಿ ಮೇಲು. ಆದರೆ ಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಅದು ಸುಮ್ನೆ ಕೂರುತ್ತದೆ, ಸಿಐಎಸ್ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ನಡೆಯುತ್ತದೆ. ನಾನು ಮನೆಗೆ ಒಯ್ಯುವುದು ಸಿಐಎಸ್. ಮಡಿಕೆಗಳನ್ನು ಹೇಗೆ ಸರಿಮಾಡುವುದು ಎಂದು ಮುಂದೆ ಹೇಳುತ್ತೇನೆ.

ಇದರ ಜೊತೆಗೆ ಒಂದು ದಪ್ಪ ಕರಿ ಹಾಳೆ, ಮೆತ್ತನೆಯ ಒಣ ಬ್ರಷ್, ಖಾಲಿ ಲಕೋಟೆಗಳು, ಗಾಜು ಒರೆಸಲು ಶುಭ್ರ ಬಟ್ಟೆ, ಎರಡು ಪೆನ್ ಡ್ರೈವ್, ಒಂದು ನೋಟುಬುಕ್ಕು ಇರಲಿ. ಗಾಜಿಗೆ ಹಾಕುವ ನೀರಿನ ಬಾಟಲಿಯನ್ನು ಕಾಗದದ ಹತ್ತಿರ ತರಬೇಡಿ. ಹಳೇ ಕಾಗದಗಳಲ್ಲಿ ನೇರಳೆ ಬಣ್ಣದ ಪೆನ್ಸಿಲ್ ಬರಹ ಇರುತ್ತದೆ. ಒಂದು ಹನಿ ಬಿದ್ದರೂ ಅದು ಹರಡಿ ಮಸಿಯಾಗುತ್ತದೆ.

2. ಕಾಗದವನ್ನು ನಿಮ್ಮ ಅಂಗಡಿಗೆ ಒಯ್ಯಬೇಡಿ

ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಮೂಲ ಖರೇದಿ ಪತ್ರ ಮನೆಯ ಹೊಸ್ತಿಲು ದಾಟಬಾರದು. ಬ್ಯಾಂಕಿನವರು ಸಾಲ ಕೊಡುವಾಗ ಕೇಳುವುದು ಮೂಲವನ್ನೇ. ನೀವು ಮಾಡಿದ ಸ್ಕ್ಯಾನ್ ಎಷ್ಟೇ ಚೆನ್ನಾಗಿರಲಿ, ಮೂಲದ ಜಾಗಕ್ಕೆ ಅದು ನಿಲ್ಲುವುದಿಲ್ಲ. ಈ ಮಾತನ್ನು ಮನೆಯವರಿಗೂ ಮೊದಲೇ ಹೇಳಿಬಿಡಿ. "ಕಂಪ್ಯೂಟರ್‌ದಾಗ ಬಂತಲ್ರಿ, ಇನ್ನ ಹಳೇದ್ಯಾಕ?" ಎಂದು ಸುಟ್ಟುಹಾಕಲು ಹೊರಟವರನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಸರ್ಕಾರದವರೇ ಸ್ಕ್ಯಾನ್ ಮಾಡಾಕತ್ತಾರಲ್ರಿ?" ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಆಗುತ್ತಿರುವುದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿರುವ ಕಡತಗಳು. ನಿಮ್ಮ ಟ್ರಂಕಿನಲ್ಲಿರುವುದು ಅದರಲ್ಲಿ ಬರುವುದಿಲ್ಲ.

ಕೆಲಸ ಶುರು ಮಾಡುವ ಮುಂಚೆ ಪ್ರತಿ ಹಾಳೆಯನ್ನೂ ಎಣಿಸಿ ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿ. ಮನೆಯ ಹಿರಿಯರ ಸಹಿ ತೆಗೆದುಕೊಳ್ಳಿ. ಯಾವ ಹಾಳೆ ಮೊದಲೇ ಹರಿದಿತ್ತು ಎಂಬುದನ್ನೂ ಬರೆಯಿರಿ. ಫೈಲುಗಳನ್ನು ಯಾರಿಗೆ ಕೊಡಬೇಕು ಎಂದು ಕೇಳಿ, ಅದನ್ನೂ ಅದೇ ಪುಟದಲ್ಲಿ ಬರೆಯಿರಿ. ಅಣ್ಣತಮ್ಮಂದಿರಲ್ಲಿ ವಾಟ್ನಿ ತಕರಾರು ಇರುವ ಮನೆಗಳೇ ಜಾಸ್ತಿ. ನಾಳೆ ಇನ್ನೊಬ್ಬ ತಮ್ಮ ಫೋನ್ ಮಾಡಿ "ನನಗೂ ಒಂದು ಕಾಪಿ ಕಳಿಸ್ರಿ" ಎಂದರೆ, ಸಹಿ ಮಾಡಿದವರು ಹೇಳದೆ ಕಳಿಸಬೇಡಿ.

3. ಮಡಿಕೆ ಬಿಡಿಸುವುದು

ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಒಣಗಿದ ಕಾಗದ ಹಪ್ಪಳದಂತೆ ಮುರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಂಥ ಕೆಲಸ ಬಂದರೆ ಮಧ್ಯಾಹ್ನ ಬೇಡ, ಬೆಳಿಗ್ಗೆ ಬೇಗ ಹೋಗಿ. ಆಗ ಕಾಗದ ಸ್ವಲ್ಪವಾದರೂ ಬಾಗುತ್ತದೆ.

ಪತ್ರವನ್ನು ಕೈಯಲ್ಲಿ ಎತ್ತಿ ಬಿಡಿಸಬೇಡಿ. ಮೇಜಿನ ಮೇಲಿಟ್ಟು, ಒಂದೊಂದೇ ಮಡಿಕೆ ತೆರೆಯಿರಿ. ತುಕ್ಕು ಹಿಡಿದ ಗುಂಡುಸೂಜಿ ಇದ್ದರೆ ಎಳೆಯಬೇಡಿ. ಹಿಂದಿನಿಂದ ಮೆಲ್ಲಗೆ ಅಲುಗಿಸಿ, ಬಿಡಿಸಿಕೊಂಡರೆ ಮಾತ್ರ ತೆಗೆಯಿರಿ. ಉದುರಿದ ಚೂರು ಎಷ್ಟೇ ಸಣ್ಣದಿರಲಿ, ಲಕೋಟೆಗೆ ಹಾಕಿ ಅದರ ಮೇಲೆ ಪತ್ರದ ಹೆಸರು ಬರೆಯಿರಿ.

ಬಿಡಿಸಿದ ಹಾಳೆಯನ್ನು ಎರಡು ಒಣ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಟ್ಟರೆ ಮಡಿಕೆ ಬಹಳಷ್ಟು ಕೂರುತ್ತದೆ. ಸಿಐಎಸ್ ಸ್ಕ್ಯಾನರ್ ಇರುವವರಿಗೆ ಇದೇ ಉಪಾಯ. ಹಾಗಾಗಿ ನಾನು ಎರಡು ದಿನಕ್ಕೆ ಕೆಲಸ ಒಪ್ಪಿಕೊಳ್ಳುತ್ತೇನೆ. ಮೊದಲ ದಿನ ಪಟ್ಟಿ, ಫೋಟೊ, ಮಡಿಕೆ ಬಿಡಿಸುವುದು. ಎರಡನೇ ದಿನ ಪತ್ರಗಳ ಸ್ಕ್ಯಾನ್.

ಇಸ್ತ್ರಿ ಹಾಕಬೇಡಿ. ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಕೆಲವು ವರ್ಷದಲ್ಲಿ ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿದರೆ ತೆಗೆಯಲು ಬರುವುದಿಲ್ಲ. ಮನೆಯವರು ಎಷ್ಟೇ ಕೇಳಿದರೂ "ಆಗಲ್ಲ" ಎನ್ನಿ.

4. ಹಿಂದಿನ ಬದಿ: ಇದನ್ನು ಬಿಟ್ಟರೆ ಕೆಲಸವೇ ಆಗಲಿಲ್ಲ

ಬೀಳಗಿ ತಾಲ್ಲೂಕಿನ ಆ ಮನೆಯಲ್ಲಿ 1961ರ ಒಂದು ಖರೇದಿ ಪತ್ರ ಇತ್ತು. ಮುಂದಿನ ಬದಿಯಲ್ಲಿ ಸರ್ವೆ ನಂಬರ್ ಬರೆದಿದ್ದ ಸಾಲಿನ ಮೇಲೆಯೇ ಮಡಿಕೆ ಹಾದು, ಅಂಕಿ ಉದುರಿಹೋಗಿತ್ತು. ಹಾಳೆ ತಿರುಗಿಸಿದೆ. "ಹಿಂದ ಏನೂ ಇಲ್ರಿ, ಬರೇ ಸಿಕ್ಕಾ ಐತಿ, ಅದನ್ನ ಬಿಡ್ರಿ" ಎಂದರು ಅಜ್ಜ. ಆ ಸಿಕ್ಕಾ ಇರುವ ಬರಹಕ್ಕೇ ಹಿಂಬರಹ ಎನ್ನುತ್ತಾರೆ. ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯವರು ಪತ್ರ ನೋಂದಾಯಿಸುವಾಗ ಅದರ ಹಿಂದೆ ಬರೆದ ಟಿಪ್ಪಣಿ. ಪತ್ರವನ್ನು ಯಾವ ದಿನ ಹಾಜರುಪಡಿಸಿದರು, ಬರೆದುಕೊಟ್ಟವರ ಹೆಬ್ಬೆಟ್ಟು, ಗುರುತಿಸಿದ ಸಾಕ್ಷಿದಾರರು, ದಸ್ತಾವೇಜಿನ ನಂಬರು, ಅದನ್ನು ಯಾವ ಪುಸ್ತಕದ ಯಾವ ಸಂಪುಟದಲ್ಲಿ ನಕಲು ಮಾಡಿಕೊಂಡರು, ಎಲ್ಲಾ ಅಲ್ಲಿರುತ್ತದೆ. ಜಮೀನಿನ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ಅದೇ ಹಿಂಬದಿಯಲ್ಲಿ ಸ್ಟ್ಯಾಂಪ್ ಮಾರಿದವರು ಬರೆದ ಅನುಕ್ರಮ ನಂಬರು, ತಾರೀಖು, ಕೊಂಡವರ ಹೆಸರು ಕೂಡ ಇರುತ್ತವೆ.

ಮುಂದಿನ ಅಂಕಿ ಹೋದರೂ ಹಿಂದಿನ ದಸ್ತಾವೇಜು ನಂಬರ್ ಓದಲು ಬರುತ್ತಿತ್ತು. ಅದನ್ನು ಹಿಡಿದು ಮನೆಯವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿದರು. ದೃಢೀಕೃತ ನಕಲು, ಅಂದರೆ ಕಚೇರಿಯೇ ಸಹಿ ಸಿಕ್ಕಾ ಹಾಕಿ ಕೊಡುವ ಪ್ರತಿ, ಸಿಕ್ಕಿತು. ಅದರಲ್ಲಿ ಸರ್ವೆ ನಂಬರ್ ಪೂರ್ತಿಯಾಗಿತ್ತು.

ಶುರುವಿನಲ್ಲಿ ನಾನೂ ಒಂದು ಮನೆಯಲ್ಲಿ ಹಿಂದಿನ ಬದಿಗಳನ್ನು ಬಿಟ್ಟು ಬಂದಿದ್ದೆ. ಆಮೇಲೆ ಅದಕ್ಕಾಗಿಯೇ ಮತ್ತೆ ಹೋಗಿ ಎಲ್ಲಾ ಹಾಳೆ ತೆಗೆಸಬೇಕಾಯಿತು. ಈಗ ಖಾಲಿ ಕಂಡರೂ ಎರಡೂ ಬದಿ ಮಾಡುತ್ತೇನೆ. ಖಾಲಿ ಎಂದುಕೊಂಡ ಬದಿಯಲ್ಲಿ ಪೆನ್ಸಿಲಿನಲ್ಲಿ "ಉತ್ತರಕ್ಕ ಇವರ ಹೊಲ" ಎಂದು ಮಸುಕಾಗಿ ಬರೆದಿರುತ್ತದೆ.

5. ಸ್ಕ್ಯಾನ್ ಸೆಟ್ಟಿಂಗ್

ಕಾಗದಕ್ಕೆ 300 ಡಿಪಿಐ, ಫೋಟೊಗೆ 600. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಹಿಡಿಯುತ್ತದೆ ಎಂಬ ಲೆಕ್ಕ. 1200 ಹಾಕಿದರೆ ಇನ್ನೂ ಚೆನ್ನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯ ಪ್ರಿಂಟ್ ಫೋಟೊದಲ್ಲಿ ಅಷ್ಟು ವಿವರವೇ ಇರುವುದಿಲ್ಲ. ಫೈಲು ನಾಲ್ಕು ಪಟ್ಟು ಉಬ್ಬುತ್ತದೆ, ಸಮಯ ಹೋಗುತ್ತದೆ.

ಕಾಗದ ಬರೀ ಕಪ್ಪು ಅಕ್ಷರದ್ದಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಪ್ಪು ಬಿಳುಪು ಮಾಡಿದರೆ ತೆಳು ಸಿಕ್ಕಾ, ಹೆಬ್ಬೆಟ್ಟು, ಪೆನ್ಸಿಲ್ ಗುರುತು ಮಾಯವಾಗುತ್ತವೆ. ಬಣ್ಣ ಇದ್ದರೆ ಇನ್ನೊಂದು ಅನುಕೂಲ. ಕೆಂಪು ಸಿಕ್ಕಾದ ಕೆಳಗೆ ಕಪ್ಪು ಅಕ್ಷರ ಸಿಕ್ಕಿಕೊಂಡಿದ್ದರೆ, ಜಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು `Colors > Components > Decompose` ಒತ್ತಿ, `RGB` ಆರಿಸಿ. ಚಿತ್ರ ಮೂರು ಪದರ ಆಗುತ್ತದೆ. ಕೆಂಪಿನ ಪದರದಲ್ಲಿ ಸಿಕ್ಕಾ ತೆಳುವಾಗಿ, ಕಪ್ಪು ಅಕ್ಷರ ಎದ್ದು ಕಾಣುತ್ತದೆ. ಮಾಸಿ ಕಂದಾದ ಶಾಯಿಯನ್ನು ಓದಲು ನೀಲಿ ಪದರ ನೋಡಿ.

ಸ್ಕ್ಯಾನರಿನ ಸಾಫ್ಟ್‌ವೇರಿನಲ್ಲಿ ತಾನಾಗಿ ಸರಿಮಾಡುವ ಆಯ್ಕೆಗಳನ್ನೆಲ್ಲಾ ಆಫ್ ಮಾಡಿ. ಅದರಲ್ಲೂ ಹಿನ್ನೆಲೆ ಅಳಿಸುವ ಆಯ್ಕೆ. ಹಳದಿಯಾದ ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ಅದು ಪೆನ್ಸಿಲ್ ಬರಹವನ್ನೂ ಅಳಿಸುತ್ತದೆ. ಪರದೆಯ ಮೇಲೆ ಕಾಗದ ಹಳದಿಯಾಗಿಯೇ ಕಂಡರೆ ಸೆಟ್ಟಿಂಗ್ ಸರಿ ಇದೆ ಎಂದರ್ಥ.

ತೆಳ್ಳನೆಯ ಟೈಪ್ ಹಾಳೆಯಲ್ಲಿ ಹಿಂದಿನ ಬದಿಯ ಅಕ್ಷರ ಮುಂದೆ ಇಣುಕುತ್ತದೆ. ಆಗ ಹಾಳೆಯ ಬೆನ್ನಿಗೆ ಕರಿ ಹಾಳೆ ಇಟ್ಟು ಸ್ಕ್ಯಾನ್ ಮಾಡಿ. ಬಿಳಿ ಮುಚ್ಚಳ ಬೆಳಕನ್ನು ವಾಪಸ್ ಕಳಿಸುವುದರಿಂದ ಹಿಂದಿನ ಅಕ್ಷರ ಕಾಣುತ್ತದೆ. ಕರಿ ಹಾಳೆ ಆ ಬೆಳಕನ್ನು ಹೀರುತ್ತದೆ.

6. ಸ್ಟ್ಯಾಂಪ್ ಪೇಪರ್ ಗಾಜಿಗಿಂತ ಉದ್ದ

ಎ4 ಸ್ಕ್ಯಾನರಿನ ಗಾಜು ಸುಮಾರು 11.7 ಇಂಚು ಉದ್ದ. ಸ್ಟ್ಯಾಂಪ್ ಪೇಪರ್ ಹೆಚ್ಚಾಗಿ 13ರಿಂದ 14 ಇಂಚು. ತುದಿ ಮಡಚಿ ಕೂರಿಸುವವರಿದ್ದಾರೆ. ಅದು ಹೊಸ ಮಡಿಕೆ, ಹೊಸ ಬಿರುಕು. ಎರಡು ಸಲ ಸ್ಕ್ಯಾನ್ ಮಾಡುವುದೇ ದಾರಿ.

ಮೊದಲು ಮೇಲಿನ ಭಾಗ ಗಾಜಿನ ಮೇಲಿರಲಿ, ಕೆಳಗಿನ ತುದಿ ಹೊರಗೆ ಚಾಚಲಿ. ಆ ತುದಿಗೆ ಆಧಾರವಾಗಿ ಸ್ಕ್ಯಾನರಿನಷ್ಟೇ ಎತ್ತರದ ಪುಸ್ತಕ ಇಡಿ. ಆಮೇಲೆ ಅದೇ ಬದಿ ಗಾಜಿಗಿರುವಂತೆಯೇ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿನ ಭಾಗ ಸ್ಕ್ಯಾನ್ ಮಾಡಿ. ಎರಡರಲ್ಲೂ ನಡುವಿನ ಒಂಬತ್ತು ಹತ್ತು ಇಂಚು ಬಂದಿರುತ್ತದೆ, ಹಾಗಾಗಿ ಜೋಡಿಸಲು ಕಷ್ಟವಿಲ್ಲ. ಗಾಜಿನ ಚೌಕಟ್ಟಿನ ಹತ್ತಿರ ಹಾಳೆ ಸ್ವಲ್ಪ ಮೇಲೇಳುವುದರಿಂದ ಅಲ್ಲಿ ಒಂದರ್ಧ ಇಂಚು ಮಬ್ಬಾಗುತ್ತದೆ. ಜೋಡಿಸುವಾಗ ಆ ಪಟ್ಟಿಯನ್ನು ಕತ್ತರಿಸಿ, ಇನ್ನೊಂದು ಸ್ಕ್ಯಾನಿನ ಸ್ಪಷ್ಟ ಭಾಗ ಬಳಸಿ.

ಜೋಡಿಸಿದ ಫೈಲು ಓದಲಿಕ್ಕೆ ಮಾತ್ರ. ಎರಡು ಮೂಲ ತುಂಡುಗಳನ್ನೂ ಕೊಡಿ. ಜೋಡಿಸುವಾಗ ಒಂದು ಸಾಲು ಹೋಗಿದೆಯೋ ಎಂದು ಯಾರಿಗಾದರೂ ಅನುಮಾನ ಬಂದರೆ ಅವರೇ ನೋಡಿಕೊಳ್ಳಬಹುದು. ಕಾಗದಪತ್ರದ ಮೇಲೆ ಕಲೆ ಅಳಿಸುವುದು, ಮಾಸಿದ ಅಂಕಿಯನ್ನು ತಿದ್ದಿ ದಪ್ಪ ಮಾಡುವುದು, ಇದ್ಯಾವುದನ್ನೂ ಮಾಡಬೇಡಿ. ಫೋಟೊದಲ್ಲಿ ಕೇಳಿದರೆ ಬೇರೆ ಪ್ರತಿ ತೆಗೆದು ಮಾಡಿಕೊಡಿ. ಪತ್ರದಲ್ಲಿ ಒಂದು ಅಂಕಿ ಮುಟ್ಟಿದರೂ ಅದು ಖೊಟ್ಟಿ ದಾಖಲೆ ಆಗುತ್ತದೆ, ಸಿಕ್ಕಿಬೀಳುವವರಲ್ಲಿ ನೀವೂ ಇರುತ್ತೀರಿ.

7. ಫೋಟೊಗಳು

ಇಲ್ಲಿ ಎರಡೇ ಎಚ್ಚರಿಕೆ. ಕಟ್ಟು ಹಾಕಿದ ಹಳೇ ಫೋಟೊ ಗಾಜಿಗೆ ಅಂಟಿದ್ದರೆ ಬಿಡಿಸಲು ಹೋಗಬೇಡಿ, ಮುಖದ ಪದರವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಗೋಡೆಗೆ ಒರಗಿಸಿ, ಬೆಳಕು ಓರೆಯಾಗಿ ಬರುವ ಕಡೆ ಮೊಬೈಲಿನಿಂದ ನೇರವಾಗಿ ತೆಗೆಯಿರಿ. ಎರಡನೆಯದು, ಫೋಟೊದ ಹಿಂದೆ ಸ್ಟುಡಿಯೊ ಸಿಕ್ಕಾ, ಹೆಸರು, ತಾರೀಖು ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಸ್ಕ್ಯಾನ್ ನಡೆಯುವಾಗಲೇ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಡದಿಂದ ಬಲಕ್ಕೆ ಯಾರ್ಯಾರು ಎಂದು ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಎಷ್ಟೋ ಸಲ ಅವರೊಬ್ಬರಿಗೇ ಗೊತ್ತಿರುತ್ತವೆ. ಯಾರ ಮನೆಯ ಫೋಟೊವನ್ನೂ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ.

8. ಫೈಲಿಗೆ ಹೆಸರು

`Scan0047` ಎಂದು ಬಿಟ್ಟರೆ ಆರು ತಿಂಗಳ ಮೇಲೆ ಯಾರಿಗೂ ಏನೂ ಸಿಗುವುದಿಲ್ಲ. ನಾನು ಇಡುವ ಹೆಸರು ಹೀಗಿರುತ್ತದೆ:

```
1961_kharedi_sno112-2_h01_munde_a.tif
1961_kharedi_sno112-2_h01_munde_b.tif
1961_kharedi_sno112-2_h01_hinde_a.tif
```

ಇಸವಿ ಮೊದಲು, ಆಗ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಆಮೇಲೆ ಪತ್ರದ ಬಗೆ, ಸರ್ವೆ ನಂಬರ್, ಹಾಳೆ, ಮುಂದೆ ಅಥವಾ ಹಿಂದೆ, ಮೇಲಿನ ತುಂಡೋ ಕೆಳಗಿನದೋ. ಸರ್ವೆ ನಂಬರ್ 112/2 ಎಂದಿದ್ದರೆ ವಿಂಡೋಸ್ ಆ ಓರೆ ಗೆರೆಯನ್ನು ಹೆಸರಿನಲ್ಲಿ ಬಿಡುವುದಿಲ್ಲ, ಅದಕ್ಕೆ 112-2. ಕೆಲವರು ಗೆರೆ ಬಿಟ್ಟು 1122 ಎಂದು ಬರೆಯುತ್ತಾರೆ. ಅದು ಬೇರೆಯೇ ಹೊಲ ಆಗಿಬಿಡುತ್ತದೆ.

ತಾರೀಖು ಕಾಣದ ಪತ್ರದಲ್ಲಿ ಸ್ಟ್ಯಾಂಪಿನ ಬೆಲೆ ನೋಡಿ. ಆಣೆಯಲ್ಲಿದ್ದರೆ ಅದು ಹೆಚ್ಚಾಗಿ ನಯಾ ಪೈಸೆ ಬಂದ 1957ಕ್ಕಿಂತ ಮೊದಲು ಅಚ್ಚಾದ ಹಾಳೆ. ಈಗಿನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಹಾಗಾಗಿ ಕೆಲವು ಮನೆಗಳಲ್ಲಿ ಮರಾಠಿಯ ಮೋಡಿ ಲಿಪಿಯ ಕಾಗದ ಸಿಗುತ್ತವೆ. ಆದರೆ ನಮ್ಮಲ್ಲಿ ಅಕ್ಷರ ಬಿಡಿಸದೆ ಕೂಡಿಸಿ ಬರೆದ ಕನ್ನಡಕ್ಕೂ ಮೋಡಿ ಎನ್ನುತ್ತಾರೆ. ಯಾವುದು ಎಂದು ಊಹಿಸಿ ಹೆಸರು ಕೊಡಬೇಡಿ. ಇಂಗ್ಲಿಷ್ ಅಕ್ಷರದಲ್ಲಿ `odabeku` ಎಂದಷ್ಟೇ ಇಡಿ. ಓದಬಲ್ಲವರಿಗೆ ಮನೆಯವರೇ ತೋರಿಸಲಿ.

9. ಎಷ್ಟು ತಗೊಳ್ಳಬೇಕು?

ಝೆರಾಕ್ಸ್ ಲೆಕ್ಕದಲ್ಲಿ ಪುಟಕ್ಕಿಷ್ಟು ಎಂದರೆ ನಿಮಗೆ ನಷ್ಟ. ಆ ಬೀಳಗಿ ಕೆಲಸವನ್ನೇ ನೋಡಿ. 31 ಹಾಳೆ ಅಂದರೆ 62 ಬದಿ. ಆದರೆ 18 ಉದ್ದ ಹಾಳೆಗಳ 36 ಬದಿಗೆ ಎರಡೆರಡು ಸ್ಕ್ಯಾನ್, ಅಂದರೆ 72. ಉಳಿದ 13 ಹಾಳೆಗೆ 26. ಒಟ್ಟು 98 ಸ್ಕ್ಯಾನ್. ಇಟ್ಟು, ತೆಗೆದು, ನೋಡಲು ತಲಾ ಎರಡು ನಿಮಿಷ ಹಿಡಿದರೆ 196 ನಿಮಿಷ. 36 ಬದಿ ಜೋಡಿಸಲು ತಲಾ ಮೂರು ನಿಮಿಷದಂತೆ 108. ಫೋಟೊ ಎರಡೆರಡಾಗಿ ಇಟ್ಟು 24 ಸ್ಕ್ಯಾನ್, ತಲಾ ಮೂರು ನಿಮಿಷ, 72. ಹೆಸರಿಡಲು, ಪರೀಕ್ಷಿಸಲು 90. ಒಟ್ಟು 466 ನಿಮಿಷ, ಹತ್ತಿರ ಹತ್ತಿರ ಎಂಟು ಗಂಟೆ. ಇದರಲ್ಲಿ ಮಡಿಕೆ ಬಿಡಿಸಿದ್ದು, ಓಡಾಡಿದ್ದು ಸೇರಿಲ್ಲ.

ಪುಟಕ್ಕೆ 5 ರೂಪಾಯಿ ಎಂದು ಒಪ್ಪಿಕೊಂಡಿದ್ದರೆ 62 ಬದಿ, 48 ಫೋಟೊ ಸೇರಿ 550 ರೂಪಾಯಿ ಬರುತ್ತಿತ್ತು. ಅದಕ್ಕೇ ನಾನು ಗಂಟೆಗೆ ಲೆಕ್ಕ ಹಾಕುತ್ತೇನೆ. ಗಂಟೆಗೆ 150ರಂತೆ ಎಂಟು ಗಂಟೆಗೆ 1,200, ಮೇಲೆ ಬಸ್ಸಿನ ಖರ್ಚು, ಪೆನ್ ಡ್ರೈವಿನ ಬೆಲೆ. ಟ್ರಂಕು ತೆರೆದು ಎಣಿಸಿದ ಮೇಲೆಯೇ ಮೊತ್ತ ಹೇಳಿ, ಫೋನಿನಲ್ಲಿ ಹೇಳಬೇಡಿ. ಉದ್ದ ಹಾಳೆ ಎಷ್ಟಿವೆ ಎಂಬುದರ ಮೇಲೆ ಎಲ್ಲಾ ನಿಂತಿದೆ.

10. ಒಪ್ಪಿಸುವುದು

ಮೂಲ ಫೈಲು ಟಿಫ್‌ನಲ್ಲಿರಲಿ, ಏಕೆಂದರೆ ಜೆಪಿಜಿ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ವಿವರ ಕಳೆದುಕೊಳ್ಳುತ್ತದೆ. ಎ4 ಅಳತೆಯ ಬಣ್ಣದ ಸ್ಕ್ಯಾನ್ 300 ಡಿಪಿಐನಲ್ಲಿ ಸುಮಾರು 26 ಎಂಬಿ. ಈ ಮನೆಯ ಎಲ್ಲಾ ಫೈಲು ಸೇರಿ 5 ಜಿಬಿ ಒಳಗೇ ಬಂತು. ಮೊಬೈಲಿನಲ್ಲಿ ನೋಡಲು ಪ್ರತಿ ಪತ್ರಕ್ಕೆ ಒಂದು ಪಿಡಿಎಫ್ ಬೇರೆ ಮಾಡಿಕೊಡಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸುತ್ತದೆ, ಹಿಂಬರಹದ ಸಣ್ಣ ಅಕ್ಷರ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಎರಡು ಪೆನ್ ಡ್ರೈವಿಗೆ ಹಾಕಿ, ಒಂದು ಈ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲೋ ಬೇರೆ ಊರಿನಲ್ಲೋ ಇರಲಿ. ಅವರೆದುರೇ ಪೆನ್ ಡ್ರೈವಿನಿಂದ ಪ್ರತಿ ಪತ್ರದ ಒಂದು ಫೈಲು ತೆರೆದು ತೋರಿಸಿ. ಪಟ್ಟಿ ಹಿಡಿದು ಮೂಲ ಹಾಳೆಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಸಿ, ಮತ್ತೆ ಸಹಿ ತೆಗೆದುಕೊಳ್ಳಿ. ಪತ್ರಗಳನ್ನು ಮತ್ತೆ ಮಡಚದೆ, ಉದ್ದ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಲು ಹೇಳಿ. ರಬ್ಬರ್ ಬ್ಯಾಂಡ್ ಬೇಡ, ನಮ್ಮ ಬಿಸಿಲಿಗೆ ಅದು ಕರಗಿ ಕಾಗದಕ್ಕೆ ಹತ್ತುತ್ತದೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಪ್ರತಿಯನ್ನು 30 ದಿನ ಇಟ್ಟುಕೊಳ್ಳಿ. ಪೆನ್ ಡ್ರೈವ್ ಕೆಟ್ಟರೆ ಮತ್ತೆ ಕೊಡಲು ಅಷ್ಟು ಸಾಕು. 30ನೇ ದಿನ ಮನೆಯವರಿಗೆ ಫೋನ್ ಮಾಡಿ, "ನಿಮ್ಮ ಎರಡೂ ಪೆನ್ ಡ್ರೈವ್ ತೆರೆಯುತ್ತವೆಯಾ ನೋಡ್ರಿ" ಎಂದು ಕೇಳಿ. ತೆರೆಯುತ್ತವೆ ಎಂದ ಮೇಲೆ ನಿಮ್ಮ ಪ್ರತಿಯನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಿ, ನೋಟುಬುಕ್ಕಿನ ಅದೇ ಪುಟದಲ್ಲಿ ಅಳಿಸಿದ ತಾರೀಖು ಬರೆಯಿರಿ.